ಖಚಿತವಿಲ್ಲದಿದ್ದರೆ ಗೊತ್ತೇ ಇಲ್ಲವೇ?

‘ಜ್ಞಾನಕ್ಕೆ ಖಚಿತತೆ ಅಗತ್ಯವೇ? ಸಂದೇಹವಾದವನ್ನೂ ಫಾಲಿಬಿಲಿಸಮ್ಮನ್ನೂ ಹೋಲಿಸಿ ಚರ್ಚಿಸಿ.’ ತತ್ತ್ವಶಾಸ್ತ್ರದ ಪ್ರಶ್ನೆಪತ್ರಿಕೆಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಬರುವ ಪ್ರಶ್ನೆ ಇದು. ನೋಡಲು ಸುಲಭ. ಸಂದೇಹವಾದಿ ಏನನ್ನೂ ತಿಳಿಯಲಾಗದು ಎನ್ನುತ್ತಾನೆ, ಫಾಲಿಬಿಲಿಸ್ಟ್ ತಿಳಿಯಬಹುದು, ಆದರೆ ತಪ್ಪಾಗುವ ಸಾಧ್ಯತೆ ಇದ್ದೇ ಇರುತ್ತದೆ ಎನ್ನುತ್ತಾನೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ ಎಂದು ಬರೆದು ಮುಗಿಸಿದವರಿಗೆ ಅರ್ಧದಷ್ಟು ಅಂಕವೂ ಸಿಗುವುದಿಲ್ಲ. ಸಿಗಬಾರದು ಕೂಡ. ಅಂಥ ಉತ್ತರದಲ್ಲಿ ಇಬ್ಬರ ಹೆಸರಿದೆಯೇ ಹೊರತು ಇಬ್ಬರ ನಡುವಿನ ಜಗಳ ಎಲ್ಲಿದೆ ಎಂಬುದಿಲ್ಲ. ಒಳ್ಳೆಯ ಉತ್ತರ ಹೇಗೆ ಸಾಗುತ್ತದೆ ಎಂದು ಹಂತಹಂತವಾಗಿ ನೋಡೋಣ. ಪರೀಕ್ಷೆ ಬರೆಯದವರಿಗೂ ಈ ಜಗಳ ಸಂಬಂಧಪಟ್ಟದ್ದೇ. ‘ನಿಂಗೆ ಗ್ಯಾರಂಟಿ ಗೊತ್ತಾ?’ ಎಂದು ಯಾರಾದರೂ ಕೇಳಿದಾಗ ನಾವು ತಡವರಿಸುತ್ತೇವಲ್ಲ, ಆ ತಡವರಿಕೆಯ ಅರ್ಥವೇನು ಎಂಬುದೇ ಇಲ್ಲಿನ ಪ್ರಶ್ನೆ.

ಮೊದಲು ಖಚಿತತೆ ಎಂದರೆ ಏನೆಂದು ಬಿಡಿಸಬೇಕು. ಒಂದು, ಮನಸ್ಸಿನಲ್ಲಿರುವ ದೃಢತೆ. ಸಂಶಯವೇ ಮೂಡದ ಸ್ಥಿತಿ. ಇನ್ನೊಂದು, ನಮ್ಮ ಕೈಯಲ್ಲಿರುವ ಆಧಾರಕ್ಕೆ ಸಂಬಂಧಿಸಿದ್ದು. ಆಧಾರ ಇಷ್ಟಿದ್ದರೆ ವಿಷಯ ಸುಳ್ಳಾಗಲು ಸಾಧ್ಯವೇ ಇಲ್ಲ ಎನ್ನುವಷ್ಟು ಬಲ. ಮೊದಲನೆಯದು ಜ್ಞಾನಕ್ಕೆ ಸಾಲದು ಎಂಬುದರಲ್ಲಿ ವಿವಾದವಿಲ್ಲ. ಹಟಮಾರಿಗೂ ದೃಢತೆ ಇರುತ್ತದೆ. ಆದರೆ ಅದು ಬೇಕಾದರೂ ಬೇಕೇ? 1966ರಲ್ಲಿ ಕಾಲಿನ್ ರ‍್ಯಾಡ್‌ಫರ್ಡ್ ಎಂಬ ಬ್ರಿಟಿಷ್ ದಾರ್ಶನಿಕ ಒಂದು ಉದಾಹರಣೆ ಕಟ್ಟಿದ. ಜ್ಯಾನ್ ಎಂಬ ಫ್ರೆಂಚ್ ಕೆನಡಿಯನ್‌ಗೆ ಇಂಗ್ಲೆಂಡಿನ ಇತಿಹಾಸ ತನಗೆ ಬರುವುದೇ ಇಲ್ಲ ಎಂಬ ನಂಬಿಕೆ. ಪ್ರಶ್ನೆ ಕೇಳಿದರೆ ಊಹಿಸುತ್ತಿದ್ದೇನೆ ಎಂದುಕೊಂಡೇ ಉತ್ತರಿಸುತ್ತಾನೆ. ಆದರೂ ಎಲಿಜಬೆತ್ ರಾಣಿ ತೀರಿಕೊಂಡ ವರ್ಷ 1603 ಎಂದು ಸರಿಯಾಗಿ ಹೇಳಿಬಿಡುತ್ತಾನೆ. ಎಂದೋ ಕಲಿತದ್ದು, ಕಲಿತೆನೆಂಬುದೇ ಮರೆತಿದೆ. ರ‍್ಯಾಡ್‌ಫರ್ಡನ ಪ್ರಕಾರ ಅವನಿಗೆ ಅದು ಗೊತ್ತಿತ್ತು. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಆದರೆ ಪರೀಕ್ಷಾ ಕೊಠಡಿಯಲ್ಲಿ ಕೈ ನಡುಗುತ್ತಲೇ ಸರಿಯುತ್ತರ ಬರೆದು ಬಂದ ಮಕ್ಕಳನ್ನು ಕಂಡವರಿಗೆ, ಆ ನಡುಕವೊಂದೇ ಅವರ ತಿಳಿವಳಿಕೆಯನ್ನು ಅಳಿಸಿಹಾಕುತ್ತದೆ ಎನ್ನಲು ಮನಸ್ಸು ಬಾರದು. ಹಾಗಾಗಿ ನಿಜವಾದ ಚರ್ಚೆ ಎರಡನೆಯ ಅರ್ಥದ್ದು. ಉತ್ತರದ ಮೊದಲ ಪ್ಯಾರಾದಲ್ಲೇ ಇದನ್ನು ಹೇಳಿಬಿಟ್ಟರೆ ಮುಂದಿನದ್ದು ಹಗುರಾಗುತ್ತದೆ.

ಆ ಎರಡನೆಯ ಅರ್ಥದ ಖಚಿತತೆಯನ್ನು ಅಳತೆಗೋಲಾಗಿ ಹಿಡಿದವನು ರೆನೆ ಡೆಕಾರ್ಟ್. 1641ರ ತನ್ನ ‘ಮೆಡಿಟೇಷನ್ಸ್’ ಗ್ರಂಥದಲ್ಲಿ, ಸಂಶಯಪಡಲು ಎಳ್ಳಷ್ಟು ಅವಕಾಶವಿರುವುದನ್ನೆಲ್ಲ ಪಕ್ಕಕ್ಕಿಟ್ಟು ಏನುಳಿಯುತ್ತದೆ ನೋಡುತ್ತೇನೆ ಎಂದು ಹೊರಟ. ಇಂದ್ರಿಯಗಳು ಆಗಾಗ ಮೋಸ ಮಾಡುತ್ತವೆ. ಇದೆಲ್ಲ ಕನಸಾಗಿರಬಹುದು. ಕೊನೆಗೆ, ಸರ್ವಶಕ್ತನಾದ ದುಷ್ಟಶಕ್ತಿಯೊಂದು ಇಲ್ಲದ ಜಗತ್ತನ್ನು ಇದೆಯೆಂದು ತೋರಿಸುತ್ತಿರಬಹುದು. ಇಷ್ಟೆಲ್ಲದರ ನಂತರ ಅಲ್ಲಾಡದೆ ಉಳಿದದ್ದು ಒಂದೇ: ಮೋಸ ಹೋಗಲಾದರೂ ನಾನು ಇರಬೇಕು. ಡೆಕಾರ್ಟ್ ಸಂದೇಹವಾದಿಯಲ್ಲ; ದೇವರ ಅಸ್ತಿತ್ವವನ್ನು ಸಾಧಿಸಿ, ದೇವರು ಮೋಸಗಾರನಲ್ಲ ಎಂಬ ಆಧಾರದ ಮೇಲೆ ಜಗತ್ತನ್ನು ಮರಳಿ ಪಡೆದೆ ಎಂದು ಅವನೆಣಿಸಿದ. ಆ ಮರುದಾರಿಯನ್ನು ಇವತ್ತು ಒಪ್ಪುವವರು ಕಡಿಮೆ. ದಾರಿಯನ್ನು ಕೈಬಿಟ್ಟು ಅಳತೆಗೋಲನ್ನು ಮಾತ್ರ ಉಳಿಸಿಕೊಂಡರೆ ನಾವು ನಿಲ್ಲುವುದು ಸಂದೇಹವಾದದಲ್ಲಿ. ಉತ್ತರದಲ್ಲಿ ಡೆಕಾರ್ಟನಿಗೆ ಇಷ್ಟು ಜಾಗ ಸಾಕು. ಬಹಳ ಮಂದಿ ಅವನ ಕಥೆಯಲ್ಲೇ ಎರಡು ಪುಟ ಕಳೆದು, ಪ್ರಶ್ನೆಗೆ ಬರುವ ಹೊತ್ತಿಗೆ ಗಂಟೆ ಬಾರಿಸಿರುತ್ತದೆ.

ಸಂದೇಹವಾದದ ವಾದವನ್ನು ಅದರ ಪೂರ್ಣ ಬಲದಲ್ಲಿ ಇಡಬೇಕು. ಅದಕ್ಕೆ ದುಷ್ಟಶಕ್ತಿಗಿಂತ ಒಂದು ಮೃಗಾಲಯ ಹೆಚ್ಚು ಅನುಕೂಲ. ಅಮೆರಿಕದ ಫ್ರೆಡ್ ಡ್ರೆಟ್‌ಸ್ಕಿ 1970ರಲ್ಲಿ ಕೊಟ್ಟ ಉದಾಹರಣೆ ಇದು. ಮಗನನ್ನು ಕರೆದುಕೊಂಡು ಮೃಗಾಲಯಕ್ಕೆ ಹೋಗುತ್ತೀರಿ. ಬೇಲಿಯಾಚೆ ಕಪ್ಪುಬಿಳಿ ಪಟ್ಟೆಗಳ ಪ್ರಾಣಿಗಳು, ಮುಂದೆ ‘ಜೀಬ್ರಾ’ ಎಂಬ ಫಲಕ. ಅವು ಜೀಬ್ರಾಗಳೆಂದು ನಿಮಗೆ ಗೊತ್ತೇ? ಗೊತ್ತು ಎನ್ನುತ್ತೀರಿ. ಹಾಗಾದರೆ ಅವು ಜಾಣತನದಿಂದ ಬಣ್ಣ ಬಳಿದ ಹೇಸರಗತ್ತೆಗಳಲ್ಲ ಎಂದೂ ನಿಮಗೆ ಗೊತ್ತಿರಬೇಕಲ್ಲ? ಜೀಬ್ರಾ ಆಗಿದ್ದರೆ ಹೇಸರಗತ್ತೆ ಆಗಿರಲಾರದು. ಆದರೆ ಅದು ನಿಮಗೆ ಹೇಗೆ ಗೊತ್ತು? ನೀವು ಹತ್ತಿರ ಹೋಗಿ ಮೈ ಉಜ್ಜಿ ನೋಡಿಲ್ಲ. ಚೆನ್ನಾಗಿ ಬಣ್ಣ ಬಳಿದಿದ್ದರೂ ನಿಮ್ಮ ಕಣ್ಣಿಗೆ ಇದೇ ನೋಟ ಕಾಣುತ್ತಿತ್ತು. ಆದ್ದರಿಂದ ಬಣ್ಣದ ಹೇಸರಗತ್ತೆಯಲ್ಲ ಎಂದು ನಿಮಗೆ ಗೊತ್ತಿಲ್ಲ. ಆದ್ದರಿಂದ ಜೀಬ್ರಾ ಎಂದೂ ಗೊತ್ತಿಲ್ಲ.

ಸಂದೇಹವಾದಿ ಇಲ್ಲಿ ಹೇಸರಗತ್ತೆ ಇರುವ ಸಂಭವ ಹೆಚ್ಚು ಎನ್ನುತ್ತಿಲ್ಲ ಎಂಬುದನ್ನು ಗಮನಿಸಬೇಕು. ‘ಅಷ್ಟು ಕಷ್ಟಪಟ್ಟು ಯಾರು ಬಣ್ಣ ಬಳೀತಾರೆ?’ ಎಂಬ ಮರುಪ್ರಶ್ನೆ ಅವನಿಗೆ ತಾಗುವುದಿಲ್ಲ. ನಿಮ್ಮ ಕೈಯಲ್ಲಿರುವ ಆಧಾರ ಎರಡೂ ಸನ್ನಿವೇಶಗಳಿಗೆ ಸಮನಾಗಿ ಹೊಂದುತ್ತದೆ, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲು ಅದರಲ್ಲಿ ಬಲವಿಲ್ಲ ಎಂಬುದಷ್ಟೇ ಅವನ ಮಾತು. ಇಲ್ಲಿಂದ ಒಂದೊಂದೇ ಹೆಜ್ಜೆ ಮೇಲೇರಿದರೆ ಹೇಸರಗತ್ತೆಯ ಜಾಗಕ್ಕೆ ಕನಸು, ಕನಸಿನ ಜಾಗಕ್ಕೆ ದುಷ್ಟಶಕ್ತಿ ಬರುತ್ತದೆ. ವಾದದ ಆಕಾರ ಬದಲಾಗುವುದಿಲ್ಲ.

ಈಗ ಫಾಲಿಬಿಲಿಸಮ್. ಈ ಹೆಸರನ್ನು ಬಳಕೆಗೆ ತಂದವನು ಅಮೆರಿಕದ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್, ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ. ಸ್ವತಃ ಅಳತೆ, ತೂಕಗಳ ಕೆಲಸ ಮಾಡಿದ ವಿಜ್ಞಾನಿ ಅವನು. ಯಾವ ಅಳತೆಯೂ ಕೊನೆಯ ಅಂಕೆಯವರೆಗೆ ಪಕ್ಕಾ ಅಲ್ಲ ಎಂಬುದು ಅವನಿಗೆ ದಿನನಿತ್ಯದ ಅನುಭವ. ಆದರೂ ವಿಜ್ಞಾನಕ್ಕೆ ಏನೂ ಗೊತ್ತಿಲ್ಲ ಎಂದು ಅವನು ಹೇಳಲಿಲ್ಲ. ಫಾಲಿಬಿಲಿಸಮ್ಮಿನ ತಿರುಳು ಇಷ್ಟೇ: ಒಂದು ವಿಷಯ ತಿಳಿದಿದೆ ಎನ್ನಲು ಅದು ನಿಜವಾಗಿರಬೇಕು, ಅದಕ್ಕೆ ಒಳ್ಳೆಯ ಆಧಾರವಿರಬೇಕು, ಆದರೆ ಆ ಆಧಾರವೇ ಅದರ ಸತ್ಯವನ್ನು ಖಾತ್ರಿಪಡಿಸುವಷ್ಟು ಬಲವಾಗಿರಬೇಕಿಲ್ಲ.

ಅತಿ ಹೆಚ್ಚು ಉತ್ತರಗಳು ಮುಗ್ಗರಿಸುವುದು ಇಲ್ಲೇ. ‘ಫಾಲಿಬಿಲಿಸಮ್ ಪ್ರಕಾರ ಜ್ಞಾನ ಸುಳ್ಳಾಗಬಹುದು’ ಎಂದು ಬರೆಯುತ್ತಾರೆ. ಆಗಲಾರದು. ಹಂಸಗಳೆಲ್ಲ ಬಿಳಿ ಎಂದು ಯುರೋಪಿನವರು ಶತಮಾನಗಳ ಕಾಲ ನಂಬಿದ್ದರು. 1697ರಲ್ಲಿ ವಿಲೆಮ್ ಡಿ ವ್ಲಾಮಿಂಗ್ ಎಂಬ ಡಚ್ ನಾವಿಕನ ತಂಡ ಆಸ್ಟ್ರೇಲಿಯಾದ ಪಶ್ಚಿಮ ತೀರದಲ್ಲಿ ಕಪ್ಪು ಹಂಸಗಳನ್ನು ಕಂಡಿತು. ಅದಕ್ಕೆ ಮೊದಲು ಹಂಸಗಳೆಲ್ಲ ಬಿಳಿ ಎಂಬುದು ಅವರಿಗೆ ಗೊತ್ತಿತ್ತು, ಆಮೇಲೆ ಆ ಜ್ಞಾನ ಸುಳ್ಳಾಯಿತು ಎಂದರೆ ತಪ್ಪು. ಅವರಿಗೆ ಅದು ಎಂದೂ ಗೊತ್ತಿರಲಿಲ್ಲ; ಗೊತ್ತಿದೆ ಎಂದುಕೊಂಡಿದ್ದರು. ಸುಳ್ಳನ್ನು ತಿಳಿಯಲು ಬರುವುದಿಲ್ಲ ಎಂಬುದನ್ನು ಸಂದೇಹವಾದಿಯಷ್ಟೇ ಗಟ್ಟಿಯಾಗಿ ಫಾಲಿಬಿಲಿಸ್ಟನೂ ಹೇಳುತ್ತಾನೆ. ಇದೇ ಬಗೆಯ ಆಧಾರದಿಂದ ಬೇರೆ ಕಡೆ ಸುಳ್ಳನ್ನೂ ನಂಬಿರಬಹುದಿತ್ತು ಎಂಬುದು ಮಾತ್ರ ಅವನು ಒಪ್ಪುವ ಸಂಗತಿ. ಇದು ಬಾಯಿಮಾತಿನ ಸೂಕ್ಷ್ಮವಲ್ಲ. ಇಡೀ ಪ್ರಶ್ನೆ ಇದರ ಮೇಲೆ ನಿಂತಿದೆ.

ಹೇಗೆಂದರೆ, ಜ್ಞಾನಕ್ಕೆ ಖಚಿತತೆ ಬೇಕೇಬೇಕು ಎಂದು ನಮಗೆ ಅನ್ನಿಸುವುದಕ್ಕೆ ಒಂದು ವಾಕ್ಯ ಕಾರಣ: ‘ಗೊತ್ತಿದೆ ಎಂದ ಮೇಲೆ ಅದು ತಪ್ಪಾಗಿರಲು ಸಾಧ್ಯವಿಲ್ಲ.’ ಈ ವಾಕ್ಯ ನಿಜ. ಆದರೆ ಇದರಲ್ಲಿ ಎರಡು ಅರ್ಥಗಳಿವೆ. ಇಂಥದ್ದೇ ಇನ್ನೊಂದು ವಾಕ್ಯ ನೋಡಿ: ‘ಅವಿವಾಹಿತ ಎಂದ ಮೇಲೆ ಅವನಿಗೆ ಹೆಂಡತಿ ಇರಲು ಸಾಧ್ಯವಿಲ್ಲ.’ ಅವಿವಾಹಿತನಾಗಿರುವುದೂ ಹೆಂಡತಿ ಇರುವುದೂ ಒಟ್ಟಿಗೆ ಸಾಧ್ಯವಿಲ್ಲ ಎಂದು ಇದರ ಅರ್ಥ; ಅದು ನಿಜ. ಆದರೆ ಪಕ್ಕದ ಮನೆಯ ಅವಿವಾಹಿತ ಹುಡುಗನಿಗೆ ಮದುವೆಯಾಗುವ ಸಾಧ್ಯತೆಯೇ ಇರಲಿಲ್ಲ ಎಂದು ಇದರಿಂದ ಯಾರೂ ತೀರ್ಮಾನಿಸುವುದಿಲ್ಲ. ಹೋದ ವರ್ಷವೇ ಅವನ ಮದುವೆ ಆಗಬಹುದಿತ್ತು. ಆಗಿದ್ದರೆ ಅವನನ್ನು ಅವಿವಾಹಿತ ಎನ್ನುತ್ತಿರಲಿಲ್ಲ, ಅಷ್ಟೆ. ಜ್ಞಾನದ ಮಾತೂ ಹೀಗೆಯೇ. ತಿಳಿದಿರುವುದೂ ತಪ್ಪಾಗಿರುವುದೂ ಒಟ್ಟಿಗೆ ಸಾಧ್ಯವಿಲ್ಲ. ಅದರರ್ಥ ನನಗೆ ತಿಳಿದಿರುವ ಪ್ರತಿಯೊಂದೂ ತಪ್ಪಾಗುವ ಸಾಧ್ಯತೆಯಿಂದಲೇ ಹೊರಗಿರಬೇಕು ಎಂದಲ್ಲ. ತಪ್ಪಾಗಿದ್ದರೆ ನಾನು ಅದನ್ನು ತಿಳಿದಿದ್ದೆ ಎನ್ನಲಾಗುತ್ತಿರಲಿಲ್ಲ, ಅಷ್ಟೆ. ಮೊದಲ ಅರ್ಥದಿಂದ ಎರಡನೆಯದಕ್ಕೆ ಜಾರುವುದು ತರ್ಕದೋಷ. ಮಾದರಿ ಉತ್ತರದಲ್ಲಿ ಈ ಭಾಗ ಹೀಗಿರಬಹುದು:

‘ತಿಳಿದದ್ದು ನಿಜವಾಗಿರಲೇಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಇಲ್ಲಿರುವ ಅನಿವಾರ್ಯತೆ ತಿಳಿವಿಗೂ ಸತ್ಯಕ್ಕೂ ನಡುವಿನ ಸಂಬಂಧದ್ದು. ತಿಳಿದ ವಿಷಯದ್ದೂ ಅಲ್ಲ, ಅದಕ್ಕಿರುವ ಆಧಾರದ್ದೂ ಅಲ್ಲ. ಆದ್ದರಿಂದ ಈ ವಾಕ್ಯದಿಂದ ಖಚಿತತೆಯ ಬೇಡಿಕೆ ಹುಟ್ಟುವುದಿಲ್ಲ. ಸಂದೇಹವಾದಿ ಆ ಬೇಡಿಕೆಗೆ ಬೇರೆ ಸಮರ್ಥನೆ ಕೊಡಬೇಕು.’

ಹಾಗೆಂದು ಜೀಬ್ರಾದ ವಾದ ಇಲ್ಲಿಗೆ ಮುಗಿಯಲಿಲ್ಲ. ಫಾಲಿಬಿಲಿಸ್ಟ್ ಅದರ ಯಾವ ಹೆಜ್ಜೆಯನ್ನು ಅಲ್ಲಗಳೆಯುತ್ತಾನೆ ಎಂದು ಹೇಳಲೇಬೇಕು. ಡ್ರೆಟ್‌ಸ್ಕಿ ಸ್ವತಃ ಮೊದಲ ಹೆಜ್ಜೆಯನ್ನೇ ಕೈಬಿಟ್ಟ: ಜೀಬ್ರಾ ಎಂದು ಗೊತ್ತಿದ್ದೂ ಹೇಸರಗತ್ತೆಯಲ್ಲ ಎಂದು ಗೊತ್ತಿಲ್ಲದಿರಬಹುದು ಎಂದ. ತಿಳಿದದ್ದರಿಂದ ತರ್ಕಬದ್ಧವಾಗಿ ಹೊಮ್ಮುವುದನ್ನು ನಾನು ತಿಳಿಯಲಾರೆ ಎನ್ನುವುದು ದುಬಾರಿ ಬೆಲೆ. ಅದನ್ನು ತೆರಲು ನನಗೆ ಮನಸ್ಸಿಲ್ಲ. ಎರಡನೆಯ ಹೆಜ್ಜೆಯನ್ನು ಪ್ರಶ್ನಿಸುವುದೇ ಮೇಲು: ಅದು ಬಣ್ಣದ ಹೇಸರಗತ್ತೆಯಲ್ಲ ಎಂದು ನನಗೆ ಗೊತ್ತಿಲ್ಲ ಎಂದು ಸಂದೇಹವಾದಿ ಹೇಗೆ ಹೇಳುತ್ತಾನೆ? ಈ ಕ್ಷಣ ಕಣ್ಣಿಗೆ ಬೀಳುವ ನೋಟ ಒಂದೇ ನನ್ನ ಆಧಾರ ಎಂದು ಅವನು ಎಣಿಸಿದ್ದಾನೆ. ಮೃಗಾಲಯಗಳು ಹೇಗೆ ನಡೆಯುತ್ತವೆ, ದಿನವೂ ಸಾವಿರಾರು ಕಣ್ಣುಗಳು ನೋಡುವ ಕಡೆ ಅಂಥ ಮೋಸ ಎಷ್ಟು ದಿನ ನಿಲ್ಲುತ್ತದೆ ಎಂಬುದೆಲ್ಲ ನನ್ನ ಆಧಾರದ ಭಾಗವೇ. ಅದು ಮೋಸವನ್ನು ಅಸಾಧ್ಯ ಮಾಡುವುದಿಲ್ಲ. ಫಾಲಿಬಿಲಿಸ್ಟ್ ಕೇಳುವುದೂ ಅಸಾಧ್ಯತೆಯನ್ನಲ್ಲ.

ಇಲ್ಲಿ ನಿಜವಾಗಿ ನಡೆದ ಎರಡು ಸಂಗತಿಗಳು ಚರ್ಚೆಗೆ ಬೆಳಕು ಕೊಡುತ್ತವೆ. 2009ರಲ್ಲಿ ಗಾಜಾದ ಒಂದು ಮೃಗಾಲಯದವರು, ಸುರಂಗಗಳ ಮೂಲಕ ಜೀಬ್ರಾ ತರಿಸುವುದು ಕೈಗೆಟುಕದ ಖರ್ಚು ಎಂದು, ಎರಡು ಕತ್ತೆಗಳಿಗೆ ಕೂದಲ ಬಣ್ಣದಿಂದ ಪಟ್ಟೆ ಬಳಿದು ಮಕ್ಕಳಿಗೆ ತೋರಿಸಿದರು. ಮಾಡಿದ್ದನ್ನು ಅವರೇ ಒಪ್ಪಿಕೊಂಡರು. 2018ರಲ್ಲಿ ಕೈರೋದ ಒಂದು ಉದ್ಯಾನದಲ್ಲಿ ಜೀಬ್ರಾ ನೋಡಲು ಹೋದ ವಿದ್ಯಾರ್ಥಿಯೊಬ್ಬನಿಗೆ ಅನುಮಾನ ಬಂತು: ಪ್ರಾಣಿಯ ಕಿವಿಗಳು ಉದ್ದ, ಮುಖದ ಮೇಲೆ ಕಪ್ಪು ಬಣ್ಣ ಹರಡಿದಂತಿದೆ. ಅವನು ಹಾಕಿದ ಫೋಟೊ ಎಲ್ಲೆಡೆ ಹರಿದಾಡಿತು. ಜೀಬ್ರಾದ ಮೂತಿ ಕಪ್ಪಗಿರುತ್ತದೆ, ಪಟ್ಟೆಗಳು ಇನ್ನಷ್ಟು ಕ್ರಮವಾಗಿ ಸಮಾಂತರವಾಗಿ ಇರುತ್ತವೆ ಎಂದು ಪಶುವೈದ್ಯರೊಬ್ಬರು ಮಾಧ್ಯಮಕ್ಕೆ ಹೇಳಿದರು. ಮೃಗಾಲಯದ ನಿರ್ದೇಶಕರು ಆರೋಪವನ್ನು ಅಲ್ಲಗಳೆದರು.

ಸಂದೇಹವಾದಿ ಇದನ್ನು ಕೇಳಿ ‘ನೋಡಿ, ನಾನು ಹೇಳಲಿಲ್ಲವೇ?’ ಎನ್ನಬಹುದು. ಆದರೆ ಕೈರೋದ ಹುಡುಗನ ಸಂಶಯ ಅವನ ಸಂಶಯದಂಥದ್ದಲ್ಲ. ಹುಡುಗನಿಗೆ ಸಂಶಯ ಬರಲು ಕಾರಣವಿತ್ತು, ಆ ಕಾರಣವನ್ನು ಬೆರಳಿಟ್ಟು ತೋರಿಸಬಹುದಿತ್ತು, ಹತ್ತಿರದಿಂದ ನೋಡಿ ಅದನ್ನು ಪರಿಹರಿಸಿಕೊಳ್ಳಲು ದಾರಿಯೂ ಇತ್ತು. ಫಾಲಿಬಿಲಿಸ್ಟ್ ಇಂಥ ಸಂಶಯಕ್ಕೆ ಪೂರ್ತಿ ಬೆಲೆ ಕೊಡುತ್ತಾನೆ. ಉದ್ದ ಕಿವಿ ಕಂಡ ಮೇಲೂ ‘ಜೀಬ್ರಾ ಎಂದು ನನಗೆ ಗೊತ್ತು’ ಎನ್ನುವವನಿಗೆ, ಆ ಪ್ರಾಣಿ ನಿಜಕ್ಕೂ ಜೀಬ್ರಾ ಆಗಿದ್ದರೂ, ಅದು ಗೊತ್ತಿಲ್ಲ. ಯಾವ ಕಾರಣವೂ ಇಲ್ಲದೆ, ಬರೀ ‘ಸಾಧ್ಯವಿದೆಯಲ್ಲ’ ಎಂಬುದರಿಂದ ಹುಟ್ಟಿದ ಸಂಶಯ ಮಾತ್ರ ಜ್ಞಾನವನ್ನು ಕಿತ್ತುಕೊಳ್ಳುವುದಿಲ್ಲ ಎಂಬುದು ಅವನ ನಿಲುವು. ಮನಸ್ಸಿನಲ್ಲಿ ಸಂಶಯಿಸದ್ದನ್ನು ಶಾಸ್ತ್ರಕ್ಕಾಗಿ ಸಂಶಯಿಸುವ ನಟನೆ ಬೇಡವೆಂದು ಪರ್ಸ್ 1868ರಲ್ಲೇ ಡೆಕಾರ್ಟನ ವಿರುದ್ಧ ಬರೆದಿದ್ದ.

ಭಾರತೀಯ ದರ್ಶನಗಳನ್ನು ಓದಿದ ವಿದ್ಯಾರ್ಥಿಗೆ ಈ ಜಾಗ ಪರಿಚಿತ. ನ್ಯಾಯದರ್ಶನ ಸಂಶಯವನ್ನು ಹದಿನಾರು ಪದಾರ್ಥಗಳಲ್ಲಿ ಒಂದಾಗಿ ಎಣಿಸಿ, ಅದು ಹುಟ್ಟುವ ಬಗೆಯನ್ನು ಲಕ್ಷಣ ಕೊಟ್ಟು ವಿವರಿಸುತ್ತದೆ. ಮಬ್ಬುಗತ್ತಲಲ್ಲಿ ಎತ್ತರದ ಆಕೃತಿ ಕಾಣುತ್ತದೆ; ಎತ್ತರ ಮೋಟುಮರಕ್ಕೂ ಮನುಷ್ಯನಿಗೂ ಸಮಾನ; ಕೈಕಾಲು ಅಥವಾ ಪೊಟರೆ ಎಂಬ ವಿಶೇಷ ಕಾಣುತ್ತಿಲ್ಲ. ಆಗ ‘ಮೋಟುಮರವೋ ಮನುಷ್ಯನೋ’ ಎಂಬ ಸಂಶಯ. ವಿಶೇಷ ಕಂಡರೆ ಸಂಶಯ ಹೋಗುತ್ತದೆ. ಅಂದರೆ ಸಂಶಯಕ್ಕೂ ಕಾರಣಸಾಮಗ್ರಿ ಬೇಕು. ಕೈರೋದಲ್ಲಿ ಪಟ್ಟೆ ಸಮಾನಧರ್ಮ, ಕಿವಿ ಮತ್ತು ಮೂತಿ ವಿಶೇಷ. ಹತ್ತನೆಯ ಶತಮಾನದ ಆಸುಪಾಸಿನ ಉದಯನಾಚಾರ್ಯ ‘ನ್ಯಾಯಕುಸುಮಾಂಜಲಿ’ಯಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದ: ನಮ್ಮ ನಡೆಗೇ ವಿರೋಧವಾಗುವ ಹಂತ ತಲುಪಿದಾಗ ಶಂಕೆ ನಿಲ್ಲುತ್ತದೆ. ಶ್ರೀಹರ್ಷ ‘ಖಂಡನಖಂಡಖಾದ್ಯ’ದಲ್ಲಿ ಉದಯನನ ಕಾರಿಕೆಯನ್ನೇ ತಿರುಗಿಸಿ ಅವನ ಮೇಲೆ ಪ್ರಯೋಗಿಸಿದ: ವಿರೋಧ ಇದೆ ಎನ್ನಬೇಕಾದರೆ ವಿರೋಧಿಸಲು ಶಂಕೆ ಇದ್ದಿರಲೇಬೇಕಲ್ಲ, ಹಾಗಾದರೆ ಶಂಕೆ ನಿಂತದ್ದೆಲ್ಲಿ? ನವ್ಯನ್ಯಾಯದ ಗಂಗೇಶ ಇದಕ್ಕೆ ಕೊಟ್ಟ ಉತ್ತರ ಸರಳ. ಹೊಗೆ ಬೇಕೆಂದಾಗ ನೀನು ಬೆಂಕಿಯನ್ನು ಹುಡುಕುತ್ತೀ. ಬೆಂಕಿಯಿಂದ ಹೊಗೆ ಬರುತ್ತದೋ ಇಲ್ಲವೋ ಎಂಬ ಶಂಕೆ ನಿಜಕ್ಕೂ ಇದ್ದಿದ್ದರೆ ಹಾಗೆ ಹುಡುಕುತ್ತಿರಲಿಲ್ಲ. ಹುಡುಕಾಟವೂ ಶಂಕೆಯೂ ಒಟ್ಟಿಗೆ ಇರಲಾರವು.

ಈ ವಾದ ನನಗೆ ಬಹಳ ಇಷ್ಟ. ಆದರೂ ಅದರ ಮಿತಿಯನ್ನು ಬರೆಯದ ಉತ್ತರ ಪೂರ್ಣವಲ್ಲ. ಶಂಕಿಸುವವನಿಗೆ ನಿಜಕ್ಕೂ ಶಂಕೆಯಿಲ್ಲ ಎಂಬುದನ್ನು ಅವನ ನಡೆ ತೋರಿಸುತ್ತದೆ. ಅವನ ನಂಬಿಕೆ ಸರಿ ಎಂಬುದನ್ನು ಅದು ತೋರಿಸುವುದಿಲ್ಲ. ದುಷ್ಟಶಕ್ತಿಯ ವಿಷಯದಲ್ಲಿ ಈ ಮಿತಿ ಢಾಳಾಗಿ ಕಾಣುತ್ತದೆ. ಹೇಸರಗತ್ತೆಯನ್ನು ತಳ್ಳಿಹಾಕಲು ಮೃಗಾಲಯಗಳ ಬಗೆಗಿನ ತಿಳಿವಳಿಕೆ ನೆರವಾಯಿತು. ದುಷ್ಟಶಕ್ತಿಯನ್ನು ತಳ್ಳಿಹಾಕಲು ಅಂಥ ಹಿನ್ನೆಲೆ ತಿಳಿವಳಿಕೆಯೇ ಇಲ್ಲ, ಏಕೆಂದರೆ ಎಲ್ಲ ತಿಳಿವಳಿಕೆಯೂ ಅದರ ಹಿಡಿತದೊಳಗೇ ಇದೆ. ಅಲ್ಲಿ ಫಾಲಿಬಿಲಿಸ್ಟನಿಗೆ ಉಳಿಯುವುದು ಮೊದಲಿನ ತರ್ಕದ ಮಾತು ಒಂದೇ: ಎಲ್ಲ ಪರ್ಯಾಯಗಳನ್ನೂ ತಳ್ಳಿಹಾಕಿದ ಮೇಲೆಯೇ ಜ್ಞಾನ ಎಂಬ ನಿಯಮಕ್ಕೆ ಸಂದೇಹವಾದಿ ಇನ್ನೂ ಸಮರ್ಥನೆ ಕೊಟ್ಟಿಲ್ಲ. ನನ್ನ ಮಟ್ಟಿಗೆ ಇಷ್ಟು ಸಾಕು. ಆದರೆ ಇದು ಸಂದೇಹವಾದವನ್ನು ಸುಳ್ಳೆಂದು ಸಾಧಿಸಿದಂತಲ್ಲ, ಅದು ನಮ್ಮ ಮೇಲೆ ಹೊರಿಸಿದ ಹೊರೆಯನ್ನು ಹಿಂದಿರುಗಿಸಿದಂತೆ ಎಂದು ಉತ್ತರದಲ್ಲಿ ನೇರವಾಗಿ ಬರೆಯಬೇಕು.

ಫಾಲಿಬಿಲಿಸಮ್ಮಿಗೆ ಅದರದೇ ಕಷ್ಟಗಳೂ ಇವೆ. ‘ನನಗೆ ಗೊತ್ತು, ಆದರೆ ತಪ್ಪೂ ಆಗಿರಬಹುದು’ ಎಂಬ ಮಾತು ಕಿವಿಗೆ ಹಿತವಾಗಿಲ್ಲ ಎಂದು 1996ರಲ್ಲಿ ಡೇವಿಡ್ ಲೂಯಿಸ್ ಒತ್ತಿ ಹೇಳಿದ. ಅದು ನಿಜವೇ. ‘ತಪ್ಪೂ ಆಗಿರಬಹುದು’ ಎಂದು ನಾವು ಸಾಮಾನ್ಯವಾಗಿ ಹೇಳುವುದು ತಪ್ಪಾಗಿರುವುದಕ್ಕೆ ಸುಳಿವು ಇದ್ದಾಗ. ಆಗ ಗೊತ್ತು ಎನ್ನುವುದು ಸಲ್ಲದು. ಸುಳಿವಿಲ್ಲದ ಬರೀ ತಾರ್ಕಿಕ ಸಾಧ್ಯತೆಯನ್ನು ಅದೇ ಮಾತಿನಲ್ಲಿ ಹೇಳಿದಾಗ ಕಿವಿ ಹಳೆಯ ಅರ್ಥವನ್ನೇ ಹಿಡಿಯುತ್ತದೆ ಎಂಬ ಉತ್ತರ ಬಹುಮಟ್ಟಿಗೆ ಸಾಕಾಗುತ್ತದೆ.

ಹೆಚ್ಚು ಕಾಡುವುದು ಲಾಟರಿ. ಹತ್ತು ಲಕ್ಷ ಟಿಕೆಟ್‌ಗಳ ಲಾಟರಿಯಲ್ಲಿ ನೀವು ಒಂದು ಕೊಂಡಿದ್ದೀರಿ, ಡ್ರಾ ಆಗಿದೆ, ಫಲಿತಾಂಶ ನೋಡಿಲ್ಲ. ಬಹುಮಾನ ಬಂದಿಲ್ಲ ಎಂಬುದಕ್ಕೆ ಸಂಭವ ಹತ್ತು ಲಕ್ಷದಲ್ಲಿ 9,99,999. ಆದರೂ ‘ಬಂದಿಲ್ಲ ಎಂದು ನನಗೆ ಗೊತ್ತು’ ಎನ್ನಲು ಹಿಂಜರಿಯುತ್ತೀರಿ. ಗೊತ್ತಿದ್ದರೆ ಟಿಕೆಟ್ ಹರಿದು ಬಿಸಾಡುತ್ತಿದ್ದಿರಿ. ಮರುದಿನ ಪತ್ರಿಕೆಯಲ್ಲಿ ಬೇರೆ ನಂಬರು ಕಂಡೊಡನೆ ‘ಗೊತ್ತಾಯಿತು’ ಎನ್ನುತ್ತೀರಿ. ಪತ್ರಿಕೆಯಲ್ಲಿ ಅಚ್ಚುತಪ್ಪಾಗುವ ಸಂಭವ ಹತ್ತು ಲಕ್ಷದಲ್ಲಿ ಒಂದಕ್ಕಿಂತ ಹೆಚ್ಚೇ ಇರಬಹುದು! ಸಂಭವದ ಪ್ರಮಾಣ ಒಂದು ಮಟ್ಟ ದಾಟಿದರೆ ಜ್ಞಾನ ಎಂಬ ಸರಳ ಫಾಲಿಬಿಲಿಸಮ್ ಇಲ್ಲಿ ಕುಸಿಯುತ್ತದೆ. ವ್ಯತ್ಯಾಸ ಬೇರೆಡೆ ಇದೆ. ನಿಮಗೆ ಬಹುಮಾನ ಬಂದಿದ್ದರೆ ಪತ್ರಿಕೆ ನಿಮ್ಮ ನಂಬರನ್ನೇ ಅಚ್ಚು ಹಾಕುತ್ತಿತ್ತು; ನಡೆದ ಸಂಗತಿಗೂ ಆ ಸಾಲಿಗೂ ನಂಟಿದೆ. ಸಂಭವದ ಲೆಕ್ಕವಾದರೋ ನೀವು ಗೆದ್ದಿದ್ದರೂ ಸೋತಿದ್ದರೂ ಒಂದೇ. ಆಧಾರ ಎಷ್ಟು ಎಂಬುದಕ್ಕಿಂತ ಅದು ಸಂಗತಿಗೆ ಹೇಗೆ ಕಟ್ಟಿಕೊಂಡಿದೆ ಎಂಬುದು ಮುಖ್ಯ ಎಂದಾಯಿತು. ಆ ಕಟ್ಟನ್ನು ಸರಿಯಾಗಿ ವಿವರಿಸುವುದು ಹೇಗೆ ಎಂಬುದರಲ್ಲಿ ದಾರ್ಶನಿಕರಲ್ಲಿ ಇವತ್ತಿಗೂ ಒಮ್ಮತವಿಲ್ಲ.

ಇನ್ನೊಂದು ತೊಡಕು ಬದುಕಿಗೆ ಹತ್ತಿರದ್ದು. ನಿಮ್ಮ ರಕ್ತದ ಗುಂಪು ಬಿ ಪಾಸಿಟಿವ್ ಎಂದು ನಿಮಗೆ ಗೊತ್ತು; ರಕ್ತದಾನ ಶಿಬಿರದ ಕಾರ್ಡಿನಲ್ಲಿದೆ, ಕಾಲೇಜಿನ ಗುರುತುಚೀಟಿಯಲ್ಲೂ ಇದೆ. ಆದರೆ ರಕ್ತ ಕೊಡಬೇಕಾಗಿ ಬಂದಾಗ ಆಸ್ಪತ್ರೆಯವರು ಆ ಕಾರ್ಡನ್ನು ನೆಚ್ಚುವುದಿಲ್ಲ. ಹೊಸದಾಗಿ ಮಾದರಿ ತೆಗೆದು ಗುಂಪು ಪರೀಕ್ಷಿಸುತ್ತಾರೆ, ಕೊಡಲಿರುವ ರಕ್ತದೊಂದಿಗೆ ಹೊಂದಿಸಿ ಕ್ರಾಸ್‌ಮ್ಯಾಚ್ ಮಾಡುತ್ತಾರೆ. ಗುಂಪು ತಪ್ಪಿದರೆ ಪ್ರಾಣಕ್ಕೇ ಅಪಾಯ. ಹಾಗಾದರೆ ನಿಮಗೆ ನಿಮ್ಮ ಗುಂಪು ಗೊತ್ತಿತ್ತೋ ಇಲ್ಲವೋ? ‘ಗೊತ್ತು’ ಎಂಬುದರ ಅಳತೆಯೇ ಆಸ್ಪತ್ರೆಯಲ್ಲಿ ಮೇಲೇರಿತು, ಹಾಗಾಗಿ ಮನೆಯಲ್ಲಿ ಹೇಳಿದ ಮಾತು ಮನೆಯಲ್ಲಿ ನಿಜ, ಅಲ್ಲಿ ನಿಜವಲ್ಲ ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಾಗುವುದು ಇನ್ನೊಂದು ಉತ್ತರ. ನಿಮಗೆ ಗೊತ್ತಿದೆ, ಮನೆಯಲ್ಲೂ ಆಸ್ಪತ್ರೆಯಲ್ಲೂ. ಆದರೆ ಜೀವದ ಪ್ರಶ್ನೆ ಬಂದಾಗ ಬರೀ ಗೊತ್ತಿರುವುದರ ಮೇಲೆ ನಡೆಯಬಾರದು, ಅದಕ್ಕಿಂತ ಹೆಚ್ಚಿನದು ಬೇಕು. ಪ್ರಯೋಗಾಲಯದವರು ಟ್ಯೂಬಿನ ಮೇಲೆ ಹೆಸರು ಬರೆದು, ನಿಮ್ಮ ಬಾಯಿಂದಲೇ ಹೆಸರು ಕೇಳಿ ತಾಳೆ ನೋಡಿ, ಮತ್ತೆ ಪರೀಕ್ಷಿಸುವಾಗ ನಿಮ್ಮನ್ನು ಅಜ್ಞಾನಿ ಎನ್ನುತ್ತಿಲ್ಲ. ಆ ಪರೀಕ್ಷೆಯಲ್ಲೂ ಟ್ಯೂಬು ಅದಲುಬದಲಾಗುವ ಸಾಧ್ಯತೆ ಉಳಿದೇ ಇರುತ್ತದೆ. ಅದಕ್ಕೇ ರಕ್ತ ಹಚ್ಚಿದ ಮೇಲೆ ಮೊದಲ ಹದಿನೈದು ನಿಮಿಷ ನರ್ಸ್ ರೋಗಿಯ ಪಕ್ಕದಲ್ಲಿ ನಿಂತು ಜ್ವರ, ಚಳಿ, ನಾಡಿ ನೋಡುತ್ತಿರುತ್ತಾರೆ.